ಪ್ಯಾಕೆಟ್ ಮೇಲೆ 330, ಬಿಲ್ಲಿನಲ್ಲಿ 360: ಮ್ಯಾನೇಜರ್‌ಗೆ ದೂರು ಪತ್ರ ಬರೆಯುವುದು ಹೇಗೆ?

ಕಾಫಿ ಪುಡಿಯ ಪ್ಯಾಕೆಟ್ ಕತ್ತರಿಸಿ ಡಬ್ಬಿಗೆ ಸುರಿಯುತ್ತಿದ್ದ ಅಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಏನೋ ಇದು, ಇದರ ಮೇಲೆ 330 ಅಂತಿದೆ. ನೀನು ಎಷ್ಟು ಕೊಟ್ಟೆ?"

ಜೇಬಿನಿಂದ ಬಿಲ್ ತೆಗೆದು ನೋಡಿದೆ. ಅರ್ಧ ಕೆಜಿ ಪ್ಯಾಕೆಟ್ ಎರಡು, ಒಂದಕ್ಕೆ 360ರಂತೆ ಒಟ್ಟು 720. ತಮಾಷೆ ಏನೆಂದರೆ, ಬಿಲ್ಲಿನ ಎಂಆರ್‌ಪಿ ಕಾಲಂನಲ್ಲಿ 365 ಅಂತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ "ಇಂದಿನ ನಿಮ್ಮ ಉಳಿತಾಯ 10 ರೂ." ಅಂತಲೂ ಇತ್ತು. ಅಂದರೆ ಅಂಗಡಿಯ ಲೆಕ್ಕದಲ್ಲಿ ನಾನು ಹತ್ತು ರೂಪಾಯಿ ಉಳಿಸಿದ್ದೆ. ಅಮ್ಮನ ಲೆಕ್ಕದಲ್ಲಿ ಅರವತ್ತು ರೂಪಾಯಿ ಕಳೆದುಕೊಂಡಿದ್ದೆ. ಅಮ್ಮನ ಲೆಕ್ಕವೇ ಸರಿ.

ಅಂಗಡಿಯ ಹೆಸರು ಇಲ್ಲಿ ಬೇಡ. ಹೀಗಾಗುವುದು ಒಂದೇ ಅಂಗಡಿಯಲ್ಲಲ್ಲ. ಮರುದಿನ ಬೆಳಿಗ್ಗೆ ಹೋಗಿ ಕೌಂಟರಿನಲ್ಲಿ ಜಗಳ ಆಡಬಹುದಿತ್ತು. ಆಡಿದರೆ ಅರವತ್ತು ರೂಪಾಯಿ ವಾಪಸ್ ಬರುತ್ತಿತ್ತೋ ಏನೋ. ಆದರೆ ಅದೇ ರ‍್ಯಾಕಿನಲ್ಲಿದ್ದ ಉಳಿದ ಪ್ಯಾಕೆಟ್‌ಗಳು ಅದೇ 360ಕ್ಕೆ ಮಾರಾಟ ಆಗುತ್ತಿದ್ದವು. ಹಾಗಾಗಿ ಪತ್ರ ಬರೆದೆ. ಹಾಗೆ ಬರೆಯುವ ಮುಂಚೆ ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಪತ್ರ ದಾರಿ ತಪ್ಪುತ್ತದೆ. ಬಿಲ್ಲಿನಲ್ಲಿ ಅಚ್ಚಾಗುವ ಎಂಆರ್‌ಪಿ ಎಲ್ಲಿಂದ ಬರುತ್ತದೆ?

ಪ್ಯಾಕೆಟ್‌ನಿಂದ ಬರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಕೌಂಟರಿನ ಹುಡುಗಿ ಸ್ಕ್ಯಾನ್ ಮಾಡುವ ಬಾರ್‌ಕೋಡ್‌ನಲ್ಲಿ ಬೆಲೆ ಇರುವುದೇ ಇಲ್ಲ. ಆ ಗೆರೆಗಳ ಕೆಳಗಿನ 13 ಅಂಕಿಗಳು ಇದು ಯಾವ ಕಂಪನಿಯ ಯಾವ ಸರಕು ಅಂತ ಮಾತ್ರ ಹೇಳುತ್ತವೆ. ಬೆಲೆ ಇರುವುದು ಅಂಗಡಿಯ ಕಂಪ್ಯೂಟರಿನಲ್ಲಿ. ಕಂಪನಿ ಬೆಲೆ ಏರಿಸಿದಾಗ ಸಾಮಾನ್ಯವಾಗಿ ಬಾರ್‌ಕೋಡ್ ಬದಲಾಗುವುದಿಲ್ಲ. ನವೆಂಬರ್‌ನಲ್ಲಿ ಪ್ಯಾಕ್ ಆದ 330ರ ಪ್ಯಾಕೆಟ್‌ಗೂ ಫೆಬ್ರವರಿಯಲ್ಲಿ ಪ್ಯಾಕ್ ಆದ 365ರ ಪ್ಯಾಕೆಟ್‌ಗೂ ಅದೇ ಗೆರೆ, ಅದೇ ಅಂಕಿ.

ಹೊಸ ಸ್ಟಾಕ್ ಬಂದ ದಿನ ಒಳಗಿನ ರೂಮಿನಲ್ಲಿ ಯಾರೋ ಹೊಸ ಬೆಲೆಯನ್ನು ಕಂಪ್ಯೂಟರಿಗೆ ಏರಿಸುತ್ತಾರೆ. ಒಳ್ಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಆದರೆ ಹಳೆಯ ಬೆಲೆಯನ್ನೂ ಪಕ್ಕದಲ್ಲೇ ಇಟ್ಟುಕೊಂಡಿರುತ್ತದೆ. ಸ್ಕ್ಯಾನ್ ಮಾಡಿದ ತಕ್ಷಣ ಪರದೆಯ ಮೇಲೆ ಎರಡೂ ಬೆಲೆ ಬರುತ್ತವೆ. ಕೈಯಲ್ಲಿರುವ ಪ್ಯಾಕೆಟ್ ನೋಡಿ ಸರಿಯಾದದ್ದನ್ನು ಆರಿಸಬೇಕಾದವರು ಕೌಂಟರಿನಲ್ಲಿ ಕೂತವರು. ಭಾನುವಾರ ಸಂಜೆ, ಹಿಂದೆ ಹತ್ತು ಜನ ಸಾಲು. ಪ್ಯಾಕೆಟ್ ತಿರುಗಿಸಿ ಸಣ್ಣ ಅಕ್ಷರ ಓದುವವರು ಯಾರು? ಮೇಲಿರುವ ಬೆಲೆಯ ಮೇಲೆ ಎಂಟರ್ ಒತ್ತುತ್ತಾರೆ. ಕೆಲವು ಅಂಗಡಿಗಳಲ್ಲಿ ಹಳೆಯ ಬೆಲೆಯನ್ನು ಅಳಿಸಿ ಹೊಸದನ್ನು ಬರೆದಿರುತ್ತಾರೆ. ಅಲ್ಲಿ ಆರಿಸುವ ಪ್ರಶ್ನೆಯೇ ಇಲ್ಲ.

ಆದ್ದರಿಂದ ಬಿಲ್ಲಿನಲ್ಲಿ "ಎಂಆರ್‌ಪಿ 365, ದರ 360" ಅಂತ ಇದ್ದರೆ ಅದು ಕಂಪ್ಯೂಟರ್ ಹೇಳಿದ ಮಾತು ಅಷ್ಟೇ. ಬರೀ ಬಿಲ್ ಹಿಡಿದು ಹೋದರೆ ಮ್ಯಾನೇಜರ್ "ನೋಡಿ ಸಾರ್, ಎಂಆರ್‌ಪಿಗಿಂತ ಕಮ್ಮಿಗೇ ಕೊಟ್ಟಿದ್ದೀವಲ್ಲ" ಅಂದುಬಿಡುತ್ತಾರೆ. ಬಿಲ್ಲಿನ ಪ್ರಕಾರ ಅವರ ಮಾತು ನಿಜವೂ ಹೌದು! ಬರೀ ಪ್ಯಾಕೆಟ್ ಹಿಡಿದು ಹೋದರೆ "ಇದನ್ನು ನಮ್ಮಲ್ಲೇ ತಗೊಂಡ್ರಾ?" ಅನ್ನುತ್ತಾರೆ. ಪತ್ರದ ಕೆಲಸ ಇವೆರಡನ್ನೂ ಒಂದಕ್ಕೊಂದು ಕಟ್ಟುವುದು. ಈ ಬಿಲ್ಲಿನ ಈ ಸಾಲಿನಲ್ಲಿರುವುದು ಈ ಪ್ಯಾಕೆಟ್ಟೇ ಅಂತ ತೋರಿಸಿದರೆ ಮುಕ್ಕಾಲು ಕೆಲಸ ಮುಗಿಯಿತು.

ಪ್ಯಾಕೆಟ್ ಮೇಲಿನ ಬೆಲೆಯೇ ಕೊನೆಯ ಮಾತು ಅನ್ನುವುದಕ್ಕೆ ಕಾನೂನು ಇದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಅಡಿಯಲ್ಲಿ, ಪ್ಯಾಕ್ ಮಾಡಿದ ಸರಕುಗಳಿಗೆಂದೇ 2011ರಲ್ಲಿ ನಿಯಮಗಳನ್ನು ಮಾಡಿದರು. ಅದರ 18(2)ನೇ ನಿಯಮ ನೇರವಾಗಿದೆ. ಪ್ಯಾಕೆಟ್ ಮೇಲೆ ಅಚ್ಚಾದ ಬೆಲೆಗಿಂತ ಜಾಸ್ತಿಗೆ ಯಾರೂ ಮಾರುವಂತಿಲ್ಲ. ಚಿಲ್ಲರೆ ಅಂಗಡಿಯವರು, ಸಗಟು ವ್ಯಾಪಾರಿ, ತಯಾರಕರು ಎಲ್ಲರೂ ಅದರಲ್ಲಿ ಬಂದರು. ಆ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿದೆ. ಆದ್ದರಿಂದ ಎಂಆರ್‌ಪಿ ಮೇಲೆ ಮತ್ತೆ ಜಿಎಸ್‌ಟಿ ಸೇರಿಸುವ ಹಾಗಿಲ್ಲ. ಬಿಲ್ಲಿನ ಕೆಳಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಇದ್ದ ಮಾತ್ರಕ್ಕೆ ಗಾಬರಿ ಬೇಡ. ಕೊಟ್ಟ ಹಣದೊಳಗೆ ತೆರಿಗೆ ಎಷ್ಟು ಅಂತ ಬಿಡಿಸಿ ತೋರಿಸಿರುತ್ತಾರೆ ಅಷ್ಟೇ. ಸರಕಿನ ಬೆಲೆಗಳನ್ನು ನೀವೇ ಕೂಡಿಸಿ ನೋಡಿ. ಕೊಟ್ಟ ಮೊತ್ತ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ತೆರಿಗೆಯನ್ನು ಮೇಲೆ ಹೇರಿದ್ದಾರೆ ಎಂದರ್ಥ.

"ಕಂಪನಿಯವರೇ ರೇಟ್ ಜಾಸ್ತಿ ಮಾಡಿದ್ದಾರೆ" ಅನ್ನುವುದು ಅತಿ ಹೆಚ್ಚು ಕೇಳಿಬರುವ ಉತ್ತರ. ಜಾಸ್ತಿ ಮಾಡಿರಬಹುದು, ಆದರೆ ಅದು ಹೊಸ ಪ್ಯಾಕೆಟ್‌ಗೆ. ಹಳೆಯ ಪ್ಯಾಕೆಟ್ ಮೇಲೆ ಅಂಗಡಿಯವರು ತಾವೇ ಹೊಸ ಸ್ಟಿಕ್ಕರ್ ಅಂಟಿಸಿ ಬೆಲೆ ಏರಿಸುವಂತಿಲ್ಲ. ಬೆಲೆ ಇಳಿಸಲು ಸ್ಟಿಕ್ಕರ್ ಹಾಕಬಹುದು, ಆಗಲೂ ಮೊದಲಿನ ಬೆಲೆ ಮುಚ್ಚಬಾರದು. ತೆರಿಗೆಯೇ ಬದಲಾದಾಗ ಸರ್ಕಾರ ಕೆಲವೊಮ್ಮೆ ಹಳೆಯ ಸ್ಟಾಕಿಗೆ ವಿಶೇಷ ಅನುಮತಿ ಕೊಡುತ್ತದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕೆಲವು ತಿಂಗಳ ಮಟ್ಟಿಗೆ ಹಾಗೆ ಕೊಟ್ಟಿದ್ದರು. ಕಾಫಿ ಬೀಜದ ಬೆಲೆ ಏರಿತು ಅನ್ನುವುದಕ್ಕೆ ಅಂಥ ಅನುಮತಿ ಇಲ್ಲ. ನ್ಯಾಯವಾಗಿ ನೋಡಿದರೂ ಅಂಗಡಿಯವರು ಆ ಹಳೆಯ ಪ್ಯಾಕೆಟ್ ಕೊಂಡಿದ್ದು ಹಳೆಯ ದರಕ್ಕೇ ಅಲ್ವಾ?

ಹಾಲು, ತಂಪು ಪಾನೀಯಕ್ಕೆ "ಕೂಲಿಂಗ್ ಚಾರ್ಜ್" ಅಂತ ಒಂದೆರಡು ರೂಪಾಯಿ ಕೀಳುವ ಅಭ್ಯಾಸವೂ ಇದೇ ಜಾತಿಯದು. ಫ್ರಿಜ್ಜಿನ ಕರೆಂಟ್ ಬಿಲ್ಲನ್ನು ಎಂಆರ್‌ಪಿ ಮೇಲೆ ಹೇರುವಂತಿಲ್ಲ.

ಪತ್ರ ಬರೆಯಲು ಹೊರಡುವ ಮುಂಚೆ ನಿಮ್ಮ ಪ್ರಕರಣ ಇದರೊಳಗೆ ಬರುತ್ತದೆಯೇ ಅಂತಲೂ ನೋಡಿಕೊಳ್ಳಿ. ಕಣ್ಣೆದುರೇ ತೂಗಿ ಕೊಟ್ಟ ಅಕ್ಕಿ, ತರಕಾರಿಗೆ ಎಂಆರ್‌ಪಿ ಇಲ್ಲ. ಹೋಟೆಲಿನಲ್ಲಿ ಕೂತು ಕುಡಿದ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಅಲ್ಲಿ ನೀವು ಬರೀ ನೀರು ಕೊಳ್ಳುತ್ತಿಲ್ಲ, ಕುರ್ಚಿ, ಫ್ಯಾನು, ಬಡಿಸುವವರು ಎಲ್ಲ ಸೇರಿದೆ ಅನ್ನುವುದು ಅದರ ತರ್ಕ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆದರೂ ತೀರ್ಪು ತೀರ್ಪೇ. ಅಂಗಡಿಯ ರ‍್ಯಾಕಿನಿಂದ ಎತ್ತಿಕೊಂಡ ಬಾಟಲಿಗೆ ಈ ವಿನಾಯಿತಿ ಇಲ್ಲ.

ಇನ್ನು ಸಾಕ್ಷಿಯ ವಿಷಯ. ನಮ್ಮ ಮನೆಯಲ್ಲಿ ಒಂದು ಪ್ಯಾಕೆಟ್ ಆಗಲೇ ಖಾಲಿಯಾಗಿತ್ತು. ಅದೃಷ್ಟಕ್ಕೆ ಅಮ್ಮ ಮೇಲಿನ ಅಂಚನ್ನಷ್ಟೇ ಕತ್ತರಿಸಿದ್ದರು. ಬೆಲೆ, ಬ್ಯಾಚ್ ನಂಬರ್, ಪ್ಯಾಕ್ ಮಾಡಿದ ತಿಂಗಳು ಇರುವ ಭಾಗ ಹಾಗೇ ಉಳಿದಿತ್ತು. ಎರಡನೆಯ ಪ್ಯಾಕೆಟ್ ಒಡೆಯದೆ ಎತ್ತಿಟ್ಟೆ. ಪ್ಯಾಕೆಟ್ ಮತ್ತು ಬಿಲ್ಲನ್ನು ಪಕ್ಕಪಕ್ಕ ಇಟ್ಟು, ಎರಡೂ ಓದಲು ಬರುವಂತೆ ಒಂದೇ ಫೋಟೋ ತೆಗೆದೆ. ಬಿಲ್ಲಿನ ಜೆರಾಕ್ಸ್ ಅವತ್ತೇ ಮಾಡಿಸಿದೆ. ಈ ಬಿಲ್ಲುಗಳು ಬಿಸಿಯಿಂದ ಅಚ್ಚಾಗುವ ಕಾಗದ. ಬಿಸಿಲಿಗೆ ಬಿದ್ದರೆ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಕೆಲವೇ ತಿಂಗಳಲ್ಲಿ ಬಿಳಿ ಹಾಳೆಯಾಗಿಬಿಡುತ್ತವೆ. ಫೋನಿನಲ್ಲಿ ಹಣ ಕಟ್ಟಿದ ಮೆಸೇಜ್ ಇದ್ದರೆ ಇರಲಿ. ಆದರೆ ಅದು ಒಟ್ಟು ಎಷ್ಟು ಕೊಟ್ಟಿರಿ ಅಂತ ಹೇಳುತ್ತದೆಯೇ ಹೊರತು ಯಾವುದಕ್ಕೆ ಎಷ್ಟು ಅಂತ ಹೇಳುವುದಿಲ್ಲ. ಬಿಲ್ಲಿಗೆ ಅದು ಬದಲಿಯಲ್ಲ.

ಬಿಲ್ಲಿನ ತಲೆಭಾಗವನ್ನೂ ಓದಿ. ಬೋರ್ಡಿನ ಮೇಲೆ ಒಂದು ಹೆಸರಿದ್ದರೆ ಬಿಲ್ಲಿನಲ್ಲಿ ಇನ್ನೊಂದು ಇರುತ್ತದೆ, ಯಾವುದೋ ಎಂಟರ್‌ಪ್ರೈಸಸ್ ಅಂತಲೋ ಪ್ರೈವೇಟ್ ಲಿಮಿಟೆಡ್ ಅಂತಲೋ. ಕಾನೂನಿನ ಲೆಕ್ಕದಲ್ಲಿ ನಿಮಗೆ ಮಾರಿದವರು ಅವರು. ಅದರ ಕೆಳಗೆ 15 ಅಕ್ಷರಗಳ ಜಿಎಸ್‌ಟಿ ನಂಬರ್ ಇರುತ್ತದೆ, ಕರ್ನಾಟಕದ್ದಾದರೆ 29ರಿಂದ ಶುರು. ಪತ್ರದಲ್ಲಿ ಬೋರ್ಡಿನ ಹೆಸರನ್ನೂ ಬಿಲ್ಲಿನ ಹೆಸರನ್ನೂ ಹಾಕಿದರೆ ನಾಳೆ "ಅದು ನಮ್ಮ ಸಂಸ್ಥೆಯಲ್ಲ" ಅನ್ನುವ ಮಾತು ಬರುವುದಿಲ್ಲ.

ನಾನು ಬರೆದ ಪತ್ರ ಇದು. ಹೆಸರು, ನಂಬರುಗಳನ್ನು ಮಾತ್ರ ತೆಗೆದಿದ್ದೇನೆ.

> ದಿನಾಂಕ: 11-3-2025
>
> ಗೆ,
> ವ್ಯವಸ್ಥಾಪಕರು,
> (ಅಂಗಡಿಯ ಹೆಸರು, ಬಿಲ್ಲಿನಲ್ಲಿರುವ ಸಂಸ್ಥೆಯ ಹೆಸರು, ವಿಳಾಸ)
>
> ವಿಷಯ: ಪ್ಯಾಕೆಟ್ ಮೇಲೆ ಅಚ್ಚಾದ ಎಂಆರ್‌ಪಿಗಿಂತ ಹೆಚ್ಚು ಹಣ ಪಡೆದ ಬಗ್ಗೆ. ಬಿಲ್ ನಂ. ____, ದಿನಾಂಕ 9-3-2025.
>
> ಮಾನ್ಯರೇ,
>
> 9-3-2025ರ ಭಾನುವಾರ ಸಂಜೆ 6.40ಕ್ಕೆ ನಿಮ್ಮ ಅಂಗಡಿಯ 3ನೇ ಕೌಂಟರಿನಲ್ಲಿ 500 ಗ್ರಾಂನ ಎರಡು ಪ್ಯಾಕೆಟ್ ಫಿಲ್ಟರ್ ಕಾಫಿ ಪುಡಿ ಕೊಂಡಿದ್ದೇನೆ. ಬಿಲ್ಲಿನ 4ನೇ ಸಾಲು ನೋಡಿ.
>
> ಎರಡೂ ಪ್ಯಾಕೆಟ್ ಮೇಲೆ ಅಚ್ಚಾಗಿರುವ ಎಂಆರ್‌ಪಿ 330 ರೂ. (ಬ್ಯಾಚ್ ನಂ. ____, ಪ್ಯಾಕ್ ಮಾಡಿದ ತಿಂಗಳು ನವೆಂಬರ್ 2024). ಬಿಲ್ಲಿನಲ್ಲಿ ಎಂಆರ್‌ಪಿ 365 ರೂ. ಎಂದು ತೋರಿಸಿ, ಒಂದಕ್ಕೆ 360 ರೂ.ನಂತೆ 720 ರೂ. ಪಡೆದಿದ್ದೀರಿ. ಪಡೆಯಬಹುದಾಗಿದ್ದು ಹೆಚ್ಚೆಂದರೆ 660 ರೂ. ಹೆಚ್ಚುವರಿಯಾಗಿ ಪಡೆದದ್ದು 60 ರೂ.
>
> ಹೊಸ ಸ್ಟಾಕಿನ ಬೆಲೆಯಲ್ಲಿ ಹಳೆಯ ಸ್ಟಾಕನ್ನು ಬಿಲ್ ಮಾಡಿದಂತೆ ಕಾಣುತ್ತದೆ. ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳು 2011ರ 18(2)ನೇ ನಿಯಮದ ಪ್ರಕಾರ ಪ್ಯಾಕೆಟ್ ಮೇಲಿನ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ.
>
> ಆದ್ದರಿಂದ 60 ರೂ. ಹಿಂತಿರುಗಿಸಬೇಕು. ರ‍್ಯಾಕಿನಲ್ಲಿ ಉಳಿದಿರುವ ಅದೇ ಬ್ಯಾಚಿನ ಪ್ಯಾಕೆಟ್‌ಗಳನ್ನು 330 ರೂ. ಮೀರದಂತೆ ಬಿಲ್ ಮಾಡುವ ವ್ಯವಸ್ಥೆ ಮಾಡಬೇಕು. ಈ ಎರಡರ ಬಗ್ಗೆಯೂ 26-3-2025ರೊಳಗೆ ಬರಹದಲ್ಲಿ ಉತ್ತರಿಸಬೇಕೆಂದು ಕೋರುತ್ತೇನೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಮತ್ತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ.
>
> ಬಿಲ್ಲಿನ ಜೆರಾಕ್ಸ್ ಮತ್ತು ಪ್ಯಾಕೆಟ್-ಬಿಲ್ ಜೊತೆಗಿರುವ ಫೋಟೋ ಲಗತ್ತಿಸಿದ್ದೇನೆ. ಮೂಲ ಬಿಲ್ ಮತ್ತು ಪ್ಯಾಕೆಟ್‌ಗಳು ನನ್ನ ಬಳಿ ಇವೆ, ಬೇಕಾದಾಗ ತೋರಿಸುತ್ತೇನೆ.
>
> ಇಂತಿ,
> (ಸಹಿ, ಹೆಸರು, ವಿಳಾಸ, ಫೋನ್)

ಇದರಲ್ಲಿ ಒಂದೆರಡು ಸಂಗತಿ ಬೇಕಂತಲೇ ಹಾಗಿವೆ. "ಕಳ್ಳತನ", "ಮೋಸ", "ಹಗಲು ದರೋಡೆ" ಅನ್ನುವ ಮಾತು ಎಲ್ಲೂ ಇಲ್ಲ. ಸಿಟ್ಟು ಇರಲಿಲ್ಲ ಅಂತಲ್ಲ. ಮೊದಲ ಕರಡಿನಲ್ಲಿ ಮೂರೂ ಇದ್ದವು! ಆದರೆ ಹಾಗೆ ಬರೆದರೆ ಮ್ಯಾನೇಜರ್ ಆ ಪದಕ್ಕೇ ಉತ್ತರ ಕೊಡುತ್ತಾರೆ, 60 ರೂಪಾಯಿ ಪಕ್ಕಕ್ಕೆ ಸರಿಯುತ್ತದೆ. ಬೇಕಂತಲೇ ಮಾಡಿದ್ದಾರೆ ಅಂತ ನಾವು ಸಾಬೀತು ಮಾಡಬೇಕಾಗಿಯೂ ಇಲ್ಲ. ಜಾಸ್ತಿ ಬೆಲೆಗೆ ಮಾರಿದ್ದಾರೆ ಅನ್ನುವುದು ಸಾಕು. ಮಾನಸಿಕ ಹಿಂಸೆಗೆ ಒಂದು ಲಕ್ಷ ಕೊಡಿ ಅಂತಲೂ ಕೇಳಿಲ್ಲ. ಅದನ್ನು ಕೊಡುವ ಅಧಿಕಾರ ಅಂಗಡಿಯ ಮ್ಯಾನೇಜರ್‌ಗೆ ಇರುವುದೇ ಇಲ್ಲ. ಅರವತ್ತು ರೂಪಾಯಿ ಕೊಡುವ ಅಧಿಕಾರ ಇದೆ. ಕಂಪ್ಯೂಟರಿನಲ್ಲಿ ಬೆಲೆ ಸರಿಮಾಡಿಸುವ ಅಧಿಕಾರವೂ ಇದೆ. ಅವರ ಕೈಲಾಗುವುದನ್ನೇ ಕೇಳಿದರೆ "ಮೇಲಿನವರನ್ನು ಕೇಳಬೇಕು" ಅನ್ನುವ ಅವಕಾಶ ಇರುವುದಿಲ್ಲ.

ಪತ್ರವನ್ನು ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ "ಸ್ವೀಕರಿಸಿದೆ" ಅಂತ ದಿನಾಂಕ, ಸಹಿ, ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ವಾದ ಬೇಡ. ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ಇಮೇಲ್ ಇದ್ದರೆ ಅದಕ್ಕೂ ಒಂದು ಪ್ರತಿ ಹೋಗಲಿ.

ನಮ್ಮ ಮ್ಯಾನೇಜರ್ ಪತ್ರವನ್ನು ನಿಂತಲ್ಲೇ ಓದಿದರು. ಮೊದಲು "ಸಿಸ್ಟಮ್ ರೇಟ್ ಸಾರ್, ನಮ್ಮ ಕೈಲಿಲ್ಲ" ಅಂದರು. ನಾನು ಫೋಟೋ ತೋರಿಸಿದೆ. ಆಮೇಲೆ "ಪ್ಯಾಕೆಟ್ ಕೊಡಿ, ವಾಪಸ್ ತಗೊಂಡು ಪೂರ್ತಿ ದುಡ್ಡು ಕೊಡ್ತೀವಿ" ಅಂದರು. ಕೇಳಲು ಧಾರಾಳವಾಗಿದೆ. ಆದರೆ ಪ್ಯಾಕೆಟ್ ಹೋದರೆ ಸಾಕ್ಷಿಯೂ ಹೋಯಿತು. ಹೆಚ್ಚುವರಿ ತೆಗೆದುಕೊಂಡದ್ದು ಸರಕು ವಾಪಸ್ ಬಂದ ಲೆಕ್ಕವಾಗಿ ದಾಖಲಾಗುತ್ತದೆ, ಬೆಲೆ ತಪ್ಪಾಗಿತ್ತು ಅನ್ನುವುದು ಎಲ್ಲೂ ಉಳಿಯುವುದಿಲ್ಲ. "ಪ್ಯಾಕೆಟ್ ಬೇಡ ಅಂತಲ್ಲ ನಮಗೆ, ವ್ಯತ್ಯಾಸ ಮಾತ್ರ ಕೊಡಿ" ಅಂದೆ. ಮುಂದಿನ ಖರೀದಿಗೆ ಕೂಪನ್ ಕೊಡುತ್ತೇವೆ ಅನ್ನುವುದು ಇನ್ನೊಂದು ದಾರಿ. ಹಣ ಕೊಟ್ಟಿದ್ದು ನಾವು, ಹಣವಾಗಿಯೇ ಬರಲಿ.

ಉತ್ತರವೇ ಬಾರದಿದ್ದರೆ ಮುಂದೆ ಮೂರು ಬಾಗಿಲುಗಳಿವೆ, ಮೂರರ ಕೆಲಸವೂ ಬೇರೆಬೇರೆ. ಇದನ್ನು ತುಂಬ ಜನ ಕಲಸಿಕೊಳ್ಳುತ್ತಾರೆ. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ನಿಮ್ಮ ದೂರನ್ನು ಅಂಗಡಿಯವರಿಗೆ ಮುಟ್ಟಿಸಿ ಉತ್ತರ ಕೇಳುತ್ತದೆ. ದೊಡ್ಡ ಸರಣಿ ಅಂಗಡಿಗಳ ವಿಷಯದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ತೀರ್ಪು ಕೊಡುವ, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಜನ ತೂಕ-ಅಳತೆಯವರು ಅನ್ನುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಇನ್‌ಸ್ಪೆಕ್ಟರ್ ಅಂಗಡಿಗೇ ಬಂದು ಪರಿಶೀಲಿಸಿ ಕೇಸು ಹಾಕಬಹುದು. ಅಲ್ಲಿ ಕಟ್ಟುವ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮ್ಮ ಅರವತ್ತು ರೂಪಾಯಿ ಅದರಲ್ಲಿ ಬರುವುದಿಲ್ಲ. ರ‍್ಯಾಕಿನಲ್ಲಿ ಇನ್ನೂ ಅದೇ ತಪ್ಪು ನಡೆಯುತ್ತಿದೆ ಅನ್ನುವಾಗ ಈ ಬಾಗಿಲು ಸರಿ, ಮತ್ತು ಬೇಗ ತಟ್ಟಬೇಕು. ಹಳೆಯ ಸ್ಟಾಕ್ ಖಾಲಿಯಾದ ಮೇಲೆ ಬಂದವರಿಗೆ ನೋಡಲು ಏನೂ ಇರುವುದಿಲ್ಲ.

ನಿಮ್ಮ ಹಣ, ಪರಿಹಾರ, ಖರ್ಚು ಬೇಕೆಂದರೆ ಹೋಗಬೇಕಾದದ್ದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಪ್ಯಾಕೆಟ್ ಮೇಲೆ ನಮೂದಿಸಿದ ಬೆಲೆಗಿಂತ ಹೆಚ್ಚು ಪಡೆಯುವುದು ದೂರಿಗೆ ಒಂದು ಕಾರಣ ಅಂತ ಸ್ಪಷ್ಟವಾಗಿ ಬರೆದಿದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ, ನೀವಿರುವ ಊರಿನಲ್ಲೇ ಕೊಡಬಹುದು. ಅಂಗಡಿಗೆ ಮೊದಲು ಪತ್ರ ಬರೆದಿರಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ಆದರೆ ಸೀಲು ಬಿದ್ದ ಪತ್ರ ಇದ್ದರೆ, ತಪ್ಪು ಗೊತ್ತಾದ ಮೇಲೂ ಅವರು ಸುಮ್ನೆ ಕೂತರು ಅಂತ ತೋರಿಸಬಹುದು. ಅರವತ್ತು ರೂಪಾಯಿಗೆ ಹಲವು ಸಲ ಆಯೋಗಕ್ಕೆ ಓಡಾಡುವುದು ಎಲ್ಲರಿಗೂ ಆಗುವ ಕೆಲಸವಲ್ಲ. ನಿಜ ಹೇಳಬೇಕೆಂದರೆ ನಾನೂ ಹೋಗುತ್ತಿರಲಿಲ್ಲವೇನೋ.

ಹೋಗಬೇಕಾಗಲಿಲ್ಲ. ಆರನೇ ದಿನ ಫೋನ್ ಬಂತು. ಅರವತ್ತು ರೂಪಾಯಿಯ ಜೊತೆ ಅಂಗಡಿಯ ಲೆಟರ್‌ಹೆಡ್‌ನಲ್ಲಿ ಮೂರು ಸಾಲಿನ ಉತ್ತರ ಕೊಟ್ಟರು. ಹಳೆಯ ಬ್ಯಾಚಿನ 14 ಪ್ಯಾಕೆಟ್‌ಗಳನ್ನು ಬೇರೆ ತೆಗೆದು 330ಕ್ಕೆ ಬಿಲ್ ಮಾಡುವಂತೆ ಸರಿಪಡಿಸಲಾಗಿದೆ ಅಂತ ಅದರಲ್ಲಿತ್ತು. ಬರುವಾಗ ರ‍್ಯಾಕಿನ ಹತ್ತಿರ ಹೋಗಿ ನೋಡಿದೆ. ಎಡಗಡೆ 330ರವು, ಬಲಗಡೆ 365ರವು, ನಡುವೆ ಒಂದು ರಟ್ಟಿನ ತುಂಡು. ಎಡಗಡೆಯಿಂದ ಇನ್ನೊಂದು ಪ್ಯಾಕೆಟ್ ತೆಗೆದುಕೊಂಡು ಕೌಂಟರಿಗೆ ಹೋದೆ. ಹುಡುಗಿ ಸ್ಕ್ಯಾನ್ ಮಾಡಿ, ಪ್ಯಾಕೆಟ್ ತಿರುಗಿಸಿ ಕಣ್ಣು ಕಿರಿದು ಮಾಡಿ ಓದಿ, ಆಮೇಲೆ ಎಂಟರ್ ಒತ್ತಿದಳು.